ಮ್ಯೂಚುವಲ್ ಫಂಡ್ ಫ್ಯಾಕ್ಟ್‌ಶೀಟ್ ಓದುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ, ಹಳೆಯ ವಿದ್ಯಾರ್ಥಿಗಳೂ ಅವರ ಮನೆಯವರೂ ನೆರೆಹೊರೆಯವರೂ ಫ್ಯಾಕ್ಟ್‌ಶೀಟಿನ ಪ್ರಿಂಟ್ ಹಿಡಿದು ಮನೆಗೆ ಬರುವುದು ರೂಢಿಯಾಗಿದೆ. ಬಂದವರು ಬೇರೆ ಬೇರೆಯಾದರೂ ಪ್ರಶ್ನೆಗಳು ಬಹುಮಟ್ಟಿಗೆ ಅವೇ ಆಗಿರುವುದರಿಂದ, ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಯಾವ ಫಂಡ್ ಕೊಳ್ಳಬೇಕೆಂಬುದನ್ನು ನಾನು ಹೇಳುವುದಿಲ್ಲ.

## ಮೊದಮೊದಲು ಕೇಳುವವು

ಮೇಷ್ಟ್ರೇ, ಈ ಫ್ಯಾಕ್ಟ್‌ಶೀಟ್ ಅನ್ನೋದು ಜಾಹೀರಾತಾ, ಲೆಕ್ಕಪತ್ರಾನಾ?

ಎರಡೂ ಹೌದು. ಫಂಡ್ ಸಂಸ್ಥೆ ತಿಂಗಳಿಗೊಮ್ಮೆ ತನ್ನ ಪ್ರತಿಯೊಂದು ಯೋಜನೆಗೆ ಒಂದೆರಡು ಪುಟ ಮೀಸಲಿಟ್ಟು, ಆ ತಿಂಗಳ ಕೊನೆಯ ದಿನಕ್ಕೆ ಯೋಜನೆಯಲ್ಲಿ ಎಷ್ಟು ಹಣವಿತ್ತು, ಯಾವ ಯಾವ ಕಂಪನಿಗಳಲ್ಲಿ ಅದನ್ನು ಹೂಡಲಾಗಿತ್ತು, ಖರ್ಚೆಷ್ಟು, ಈವರೆಗೆ ಬಂದ ಲಾಭವೆಷ್ಟು, ರಿಸ್ಕ್ ಯಾವ ಮಟ್ಟದ್ದು ಎಂಬುದನ್ನು ಅದರಲ್ಲಿ ತಿಳಿಸುತ್ತದೆ. ಅಂಕಿಗಳನ್ನು ಲೆಕ್ಕ ಹಾಕುವ ಕ್ರಮಕ್ಕೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮಗಳಿರುವುದರಿಂದ ಅವು ಸುಳ್ಳಾಗಿರುವ ಸಂಭವ ಬಹಳ ಕಡಿಮೆ. ಆದರೆ ಯಾವ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕು, ಯಾವುದನ್ನು ಅಡಿಟಿಪ್ಪಣಿಗೆ ತಳ್ಳಬೇಕು, ಯಾವ ಚಿತ್ರಕ್ಕೆ ಬಣ್ಣ ತುಂಬಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಮಾರುವವರೇ. ಓದುವವರು ಮೋಸಹೋಗುವುದು ಸುಳ್ಳು ಅಂಕಿಯಿಂದಲ್ಲ, ಅರ್ಧ ಓದಿದ ನಿಜದ ಅಂಕಿಯಿಂದ.

ಎನ್‌ಎವಿ ಹತ್ತು ರೂಪಾಯಿ ಇರೋ ಫಂಡು ಅಗ್ಗ ಅಲ್ವಾ? ಇನ್ನೊಂದು ನಾನೂರು ರೂಪಾಯಿ ಇದೆ.

ಅಲ್ಲ. ಎನ್‌ಎವಿ ಎಂದರೆ ಫಂಡಿನ ಒಂದು ಯೂನಿಟ್‌ನ ಆ ದಿನದ ಬೆಲೆ, ಅಷ್ಟೇ. ಹತ್ತು ಸಾವಿರ ರೂಪಾಯಿ ಹಾಕಿದರೆ ಒಂದರಲ್ಲಿ ಸಾವಿರ ಯೂನಿಟ್, ಇನ್ನೊಂದರಲ್ಲಿ ಇಪ್ಪತ್ತೈದು ಯೂನಿಟ್ ಬರುತ್ತವೆ. ಎರಡೂ ಫಂಡುಗಳಲ್ಲಿ ಇರುವ ಷೇರುಗಳು ಒಂದೇ ಆಗಿದ್ದು ಅವು ಶೇಕಡಾ 10 ಏರಿದರೆ, ಎರಡೂ ಕಡೆ ನಿಮ್ಮ ಹಣ ಹನ್ನೊಂದು ಸಾವಿರವೇ ಆಗುತ್ತದೆ. ಎನ್‌ಎವಿ ಕಡಿಮೆಯೆಂದರೆ ಸಾಮಾನ್ಯವಾಗಿ ಫಂಡ್ ಹೊಸದು ಎಂದಷ್ಟೇ ಅರ್ಥ. ಹಾಗಿದ್ದಾಗ ಅದರ ಫ್ಯಾಕ್ಟ್‌ಶೀಟಿನಲ್ಲಿ ಓದಲು ಹಳೆಯ ಚರಿತ್ರೆಯೂ ಇರುವುದಿಲ್ಲ.

## ಖರ್ಚಿನ ಬಗ್ಗೆ

ಎಕ್ಸ್‌ಪೆನ್ಸ್ ರೇಷಿಯೊ ಅಂತ ದುಡ್ಡು ಯಾವಾಗ ಕಟ್ ಮಾಡ್ತಾರೆ? ನಂಗೆ ಒಂದು ಮೆಸೇಜೂ ಬಂದಿಲ್ಲ.

ಬರುವುದೂ ಇಲ್ಲ. ವರ್ಷದ ಖರ್ಚನ್ನು ದಿನಗಳಿಗೆ ಹಂಚಿ, ಪ್ರತಿದಿನ ಯೋಜನೆಯ ಒಟ್ಟು ಆಸ್ತಿಯಿಂದ ಕಳೆದ ಮೇಲೆಯೇ ಆ ದಿನದ ಎನ್‌ಎವಿಯನ್ನು ಪ್ರಕಟಿಸುತ್ತಾರೆ. ಹಾಗಾಗಿ ನಿಮ್ಮ ಯೂನಿಟ್‌ಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಬ್ಯಾಂಕ್ ಖಾತೆಯಿಂದಲೂ ಏನೂ ಹೋಗುವುದಿಲ್ಲ. ಖರ್ಚು ಕಣ್ಣಿಗೆ ಬೀಳದೆ ಸೋರುತ್ತದೆ.

ಇದರಿಂದ ಇನ್ನೊಂದು ವಿಷಯ ತಾನಾಗಿ ತಿಳಿಯುತ್ತದೆ. ಫ್ಯಾಕ್ಟ್‌ಶೀಟಿನ ಲಾಭದ ಪಟ್ಟಿಯಲ್ಲಿರುವ ಅಂಕಿಗಳು ಎನ್‌ಎವಿಯಿಂದ ಲೆಕ್ಕ ಹಾಕಿದವು, ಎಂದರೆ ಖರ್ಚು ಕಳೆದ ನಂತರದವು. ಅದರಿಂದ ಖರ್ಚನ್ನು ಮತ್ತೊಮ್ಮೆ ಕಳೆಯಬೇಕಿಲ್ಲ. ಲಾಭ ಶೇ 12, ಖರ್ಚು ಶೇ 2, ಹಾಗಾಗಿ ಕೈಗೆ ಬರುವುದು ಶೇ 10 ಎಂದು ಕಾಗದದ ಅಂಚಿನಲ್ಲಿ ಕಳೆದು ಬರೆದುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಎಚ್ಚರ ವಹಿಸುವ ಸ್ವಭಾವ ಒಳ್ಳೆಯದೇ, ಆದರೆ ಇಲ್ಲಿ ಅದು ತಪ್ಪು ಲೆಕ್ಕ. ಮುಂದಿನ ವರ್ಷಗಳ ಬಗ್ಗೆ ಯೋಚಿಸುವಾಗ ಮಾತ್ರ ಖರ್ಚಿನ ಅಂಕಿಗೆ ಪ್ರತ್ಯೇಕ ಬೆಲೆಯಿದೆ, ಏಕೆಂದರೆ ಲಾಭ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಖರ್ಚು ಮಾತ್ರ ನಷ್ಟದ ವರ್ಷದಲ್ಲೂ ಕಳೆದುಹೋಗುತ್ತದೆ.

ಒಂದೇ ಫಂಡಿಗೆ ಎರಡು ಖರ್ಚು ಯಾಕ್ ಬರೆದಿದ್ದಾರೆ? ನಂದು ಯಾವುದು?

2013ರ ಜನವರಿಯಿಂದ ಪ್ರತಿಯೊಂದು ಯೋಜನೆಗೂ ರೆಗ್ಯುಲರ್ ಮತ್ತು ಡೈರೆಕ್ಟ್ ಎಂಬ ಎರಡು ಪ್ಲಾನ್‌ಗಳಿವೆ. ಹೂಡಿಕೆಯಾಗುವ ಷೇರುಗಳೂ ಒಂದೇ, ಫಂಡ್ ಮ್ಯಾನೇಜರೂ ಒಬ್ಬರೇ. ರೆಗ್ಯುಲರ್ ಪ್ಲಾನಿನ ಖರ್ಚಿನಲ್ಲಿ ಏಜೆಂಟರಿಗೋ ಬ್ಯಾಂಕಿಗೋ ಹೋಗುವ ಕಮಿಷನ್ ಸೇರಿರುತ್ತದೆ, ಡೈರೆಕ್ಟಿನಲ್ಲಿ ಅದಿರುವುದಿಲ್ಲ. ನಿಮ್ಮದು ಯಾವುದೆಂದು ಖಾತೆಯ ಸ್ಟೇಟ್‌ಮೆಂಟಿನಲ್ಲಿ ಯೋಜನೆಯ ಹೆಸರಿನ ಪಕ್ಕದಲ್ಲೇ ಬರೆದಿರುತ್ತದೆ.

ವ್ಯತ್ಯಾಸ ಶೇಕಡಾ 1ರಷ್ಟಿದ್ದರೆ ಅದು ಎಷ್ಟಾಗುತ್ತದೆಂದು ನೋಡೋಣ. ಐದು ಲಕ್ಷ ರೂಪಾಯಿಯನ್ನು ಇಪ್ಪತ್ತು ವರ್ಷ ಬಿಟ್ಟಿದ್ದು, ಖರ್ಚು ಕಳೆದ ಮೇಲೆ ಒಂದರಲ್ಲಿ ವರ್ಷಕ್ಕೆ ಶೇ 11, ಇನ್ನೊಂದರಲ್ಲಿ ಶೇ 10 ಬೆಳೆಯಿತು ಎಂದಿಟ್ಟುಕೊಳ್ಳಿ. ಮೊದಲನೆಯದು ಸುಮಾರು 40.3 ಲಕ್ಷವಾಗುತ್ತದೆ, ಎರಡನೆಯದು 33.6 ಲಕ್ಷ. ಮೊದಲ ವರ್ಷ ಐದು ಸಾವಿರ ರೂಪಾಯಿಯಂತೆ ಕಂಡ ವ್ಯತ್ಯಾಸ ಕೊನೆಗೆ ಆರೂವರೆ ಲಕ್ಷ ದಾಟುತ್ತದೆ. ಏಜೆಂಟರು ಸುಮ್ಮನೆ ದುಡ್ಡು ತಿನ್ನುತ್ತಾರೆಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆ ಬಿದ್ದಾಗ ಫೋನಿನಲ್ಲೇ ಧೈರ್ಯ ಹೇಳಿ, ಮಾರದಂತೆ ತಡೆದು, ನಾಮಿನಿ ಬದಲಾವಣೆಗೆ ಮನೆಗೇ ಬಂದು ಸಹಿ ಮಾಡಿಸಿಕೊಂಡು ಹೋಗುವ ಒಬ್ಬ ಏಜೆಂಟರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರು ಪಡೆಯುವ ಕಮಿಷನ್ನಿಗೆ ಬೆಲೆಯಿದೆ. ಆದರೆ ಆ ಬೆಲೆ ಎಷ್ಟೆಂದು ಕೊಡುವವರಿಗೆ ಗೊತ್ತಿರಬೇಕು.

ಹೋಲಿಸುವಾಗ ಒಂದು ಫಂಡಿನ ಡೈರೆಕ್ಟ್ ಲಾಭವನ್ನು ಇನ್ನೊಂದರ ರೆಗ್ಯುಲರ್ ಲಾಭದ ಪಕ್ಕದಲ್ಲಿಟ್ಟು ಮೋಸಹೋಗುವುದು ಸುಲಭ. ಪಟ್ಟಿಯ ಕೆಳಗಿನ ಸಣ್ಣ ಅಕ್ಷರದಲ್ಲಿ ಅದು ಯಾವ ಪ್ಲಾನಿನ ಅಂಕಿಯೆಂದು ಬರೆದಿರುತ್ತದೆ, ಅದನ್ನು ಮೊದಲು ಓದಿ.

## ಹಳೆಯ ಲಾಭದ ಬಗ್ಗೆ

ಮೂರು ವರ್ಷಕ್ಕೆ ಇಪ್ಪತ್ತಾರು ಪರ್ಸೆಂಟ್ ಅಂತ ಅಚ್ಚಾಗಿದೆ. ಅಚ್ಚಾಗಿರೋದು ಸುಳ್ಳಾಗುತ್ತಾ ಸಾರ್?

ಈ ಪ್ರಶ್ನೆ ಕೇಳಿದವರು ಹರಿಹರದಿಂದ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿ, ಮೆಕ್ಕೆಜೋಳದ ವ್ಯಾಪಾರಿ. 2023ರ ಮಾರ್ಚ್ ತಿಂಗಳ ಫ್ಯಾಕ್ಟ್‌ಶೀಟಿನ ಪ್ರಿಂಟನ್ನು ನಾಲ್ಕಾಗಿ ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ಪಟ್ಟಿಯಲ್ಲಿ ಮೂರು ವರ್ಷದ ಲಾಭವಿದ್ದ ಚೌಕಕ್ಕೆ ಯಾರೋ ಹಳದಿ ಪೆನ್ನಿನಿಂದ ಬಣ್ಣ ಬಳಿದಿದ್ದರು. ಅದರ ಅಕ್ಕಪಕ್ಕದ ಚೌಕಗಳಿಗೆ ಬಣ್ಣವಿರಲಿಲ್ಲ.

ಅಂಕಿ ಸುಳ್ಳಲ್ಲ. ಅದು ಎಲ್ಲಿಂದ ಹುಟ್ಟಿತೆಂದು ತಿಳಿಯಲು ಫಂಡನ್ನು ಬದಿಗಿಟ್ಟು, ಐವತ್ತು ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರಿಸುವ ನಿಫ್ಟಿ 50 ಸೂಚ್ಯಂಕವನ್ನೇ ತೆಗೆದುಕೊಳ್ಳೋಣ. ಡಿವಿಡೆಂಡ್ ಸೇರಿಸದೆ ಅದರ ಮಾರ್ಚ್ ಕೊನೆಯ ಮಟ್ಟಗಳು ಹೀಗಿದ್ದವು: 2018ರಲ್ಲಿ 10,114, 2020ರಲ್ಲಿ 8,598, 2022ರಲ್ಲಿ 17,465, 2023ರಲ್ಲಿ 17,360. ಫ್ಯಾಕ್ಟ್‌ಶೀಟಿನ ಪಟ್ಟಿಯಂತೆ ಬರೆದರೆ 2023ರ ಮಾರ್ಚ್ ಕೊನೆಗೆ ಒಂದು ವರ್ಷದ ಲಾಭ ಶೇ 0.6 ನಷ್ಟ, ಮೂರು ವರ್ಷದ್ದು ವರ್ಷಕ್ಕೆ ಶೇ 26.4, ಐದು ವರ್ಷದ್ದು ವರ್ಷಕ್ಕೆ ಶೇ 11.4. ಮೂರೂ ಒಂದೇ ಸಾಲಿನಲ್ಲಿ, ಒಂದೇ ದಿನದ ಅಂಕಿಗಳು. ಮೂರು ವರ್ಷದ ಅಂಕಿ ಇಷ್ಟು ಎತ್ತರಕ್ಕೆ ಹೋದದ್ದು ಕೊನೆಯಲ್ಲಿ ಏನೋ ವಿಶೇಷ ನಡೆದದ್ದರಿಂದಲ್ಲ, ಅಳತೆ ಶುರುವಾದ ದಿನ ಮಾರುಕಟ್ಟೆ ಕೊರೋನಾ ಹೊಡೆತದಿಂದ ನೆಲಕಚ್ಚಿತ್ತು ಎಂಬ ಕಾರಣಕ್ಕೆ.

ಮಾರ್ಚ್ ಕೊನೆಯ ಈ ಅಂಕಿಯನ್ನು ನಂಬಿದವರಿಗೆ ಒಂದು ವರ್ಷದ ನಂತರ ಇನ್ನೂ ದೊಡ್ಡ ಗೊಂದಲವಾಗಿರಬೇಕು. 2024ರ ಮಾರ್ಚ್ ಕೊನೆಗೆ ನಿಫ್ಟಿ 22,327ಕ್ಕೆ ಏರಿತು, ಒಂದೇ ವರ್ಷದಲ್ಲಿ ಶೇ 28ಕ್ಕೂ ಹೆಚ್ಚು. ಆದರೂ ಮೂರು ವರ್ಷದ ಲಾಭ ಶೇ 26.4ರಿಂದ ಶೇ 15ಕ್ಕೆ ಇಳಿಯಿತು. ಏಕೆಂದರೆ ಅಳತೆಯ ಆರಂಭ 2020ರ ಮಾರ್ಚಿನಿಂದ 2021ರ ಮಾರ್ಚಿಗೆ ಸರಿದಿತ್ತು, ಅಷ್ಟು ಹೊತ್ತಿಗೆ ನಿಫ್ಟಿ 14,691 ಮುಟ್ಟಿತ್ತು. ಮಾರುಕಟ್ಟೆ ಜೋರಾಗಿ ಏರಿದ ವರ್ಷದಲ್ಲೇ ಅದರ ಹಳೆಯ ಲಾಭ ಕುಗ್ಗಿ ಕಂಡಿತು.

ವ್ಯಾಪಾರಿಗೆ ಇದು ಬೇಗ ಅರ್ಥವಾಯಿತು. ಎಪಿಎಂಸಿ ಅಂಗಳದಲ್ಲಿ ಸುಗ್ಗಿಯ ಆವಕ ರಾಶಿ ಬಿದ್ದ ದಿನದ ಮೆಕ್ಕೆಜೋಳದ ದರದಿಂದ ಎಣಿಸಿದರೆ ಏರಿಕೆ ದೊಡ್ಡದಾಗಿ ಕಾಣುತ್ತದೆ, ಸುಗ್ಗಿಗೆ ಮೊದಲಿನ ದರದಿಂದ ಎಣಿಸಿದರೆ ಕಾಣುವುದಿಲ್ಲ ಎಂದು ಅವರೇ ಹೇಳಿದರು.

ಅದು ಹೋಗ್ಲಿ, ಅದೇ ಪಟ್ಟೀಲಿ ಮುಚ್ಚಿಟ್ಟಿರೋದನ್ನ ಹುಡುಕೋಕೆ ಆಗುತ್ತಾ?

ಬಹುಮಟ್ಟಿಗೆ ಆಗುತ್ತದೆ. ಪಟ್ಟಿಯಲ್ಲಿ ಶೇಕಡಾವಾರಿನ ಪಕ್ಕದಲ್ಲಿ, ಅಂದು ಹಾಕಿದ 10,000 ರೂಪಾಯಿ ಈಗ ಎಷ್ಟಾಗಿದೆ ಎಂಬ ಅಂಕಣವಿರುತ್ತದೆ. ಅದನ್ನು ಹೆಚ್ಚಿನವರು ಬಿಟ್ಟು ಓದುತ್ತಾರೆ, ನನಗೆ ಅದೇ ಅತ್ಯಂತ ಉಪಯುಕ್ತ ಅಂಕಣ.

ಮೇಲಿನ ನಿಫ್ಟಿ ಉದಾಹರಣೆಯಲ್ಲಿ ಮೂರು ವರ್ಷದ ಹಿಂದೆ ಹಾಕಿದ 10,000 ರೂಪಾಯಿ ಸುಮಾರು 20,190 ಆಗಿತ್ತು. ಐದು ವರ್ಷದ ಹಿಂದೆ ಹಾಕಿದ 10,000 ರೂಪಾಯಿ 17,165 ಆಗಿತ್ತು. ಎರಡು ವರ್ಷ ಹೆಚ್ಚು ಕಾದವರ ಹಣ ಕಡಿಮೆಯಾಗಿದೆ! ಐದು ವರ್ಷದ ಮೊತ್ತವನ್ನು ಮೂರು ವರ್ಷದ ಮೊತ್ತದಿಂದ ಭಾಗಿಸಿದರೆ 0.85 ಬರುತ್ತದೆ. ಪಟ್ಟಿಯಲ್ಲಿ ಎಲ್ಲೂ ಬರೆಯದ ಆ ಮೊದಲ ಎರಡು ವರ್ಷಗಳಲ್ಲಿ, ಎಂದರೆ 2018ರ ಮಾರ್ಚಿನಿಂದ 2020ರ ಮಾರ್ಚ್‌ವರೆಗೆ, ಹಣದಲ್ಲಿ ಶೇಕಡಾ 15 ಕರಗಿತ್ತು ಎಂದು ಇದರ ಅರ್ಥ. ಇದೇ ರೀತಿ ಮೂರು ವರ್ಷದ ಮೊತ್ತವನ್ನು ಒಂದು ವರ್ಷದ ಮೊತ್ತದಿಂದ ಭಾಗಿಸಿದರೆ ನಡುವಿನ ಎರಡು ವರ್ಷಗಳ ಕಥೆ ಸಿಗುತ್ತದೆ: 20,190ನ್ನು 9,940ರಿಂದ ಭಾಗಿಸಿದರೆ 2.03, ಹಣ ದುಪ್ಪಟ್ಟಿಗೂ ತುಸು ಹೆಚ್ಚು. ಹೀಗೆ ಎರಡು ವರ್ಷ ಶೇ 15 ನಷ್ಟ, ನಂತರ ಎರಡು ವರ್ಷ ದುಪ್ಪಟ್ಟು, ಕೊನೆಯ ವರ್ಷ ನಿಂತಲ್ಲೇ ನಿಂತದ್ದು. ಹಳದಿ ಬಣ್ಣದ ಅಂಕಿಗಿಂತ ಫಂಡಿನ ಸ್ವಭಾವವನ್ನು ಈ ಮೂರು ತುಂಡುಗಳು ಹೆಚ್ಚು ಚೆನ್ನಾಗಿ ಹೇಳುತ್ತವೆ. ಇದಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು.

ಇದಕ್ಕಿಂತ ಗಟ್ಟಿಯಾದ ದಾರಿಯೆಂದರೆ ಅದೇ ಫಂಡಿನ ಹಳೆಯ ಮಾರ್ಚ್ ತಿಂಗಳ ಫ್ಯಾಕ್ಟ್‌ಶೀಟುಗಳನ್ನು ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಂಡು, ಪ್ರತಿ ವರ್ಷದ ಮೂರು ವರ್ಷದ ಅಂಕಿಯನ್ನು ಒಂದರ ಕೆಳಗೊಂದು ಬರೆಯುವುದು. ನಿಫ್ಟಿಗೆ ಹಾಗೆ ಬರೆದರೆ 2020ರ ಮಾರ್ಚಿನಲ್ಲಿ ವರ್ಷಕ್ಕೆ ಶೇ 2ರಷ್ಟು ನಷ್ಟ, 2023ರಲ್ಲಿ ಶೇ 26, 2024ರಲ್ಲಿ ಶೇ 15 ಎಂದು ಬರುತ್ತದೆ.

ಶುರುವಾದಾಗಿಂದ ವರ್ಷಕ್ಕೆ ಹದಿನೆಂಟು ಪರ್ಸೆಂಟ್ ಅಂತಿದೆ. ಇಷ್ಟು ಹಳೇ ಲೆಕ್ಕ ಅಂದ್ರೆ ನಂಬಬಹುದಲ್ಲ?

ಹಳೆಯ ಫಂಡಿನ ಆರಂಭದ ವರ್ಷಗಳಲ್ಲಿ ಹಣ ಕೆಲವೇ ಕೋಟಿಯಿತ್ತು, ಮ್ಯಾನೇಜರ್ ಬೇರೆಯವರಿದ್ದರು, ಕೊಳ್ಳುತ್ತಿದ್ದ ಷೇರುಗಳ ಬಗೆಯೂ ಬೇರೆಯಿತ್ತು. ಅಂದಿನ ದೊಡ್ಡ ಲಾಭ ಇಂದಿನ ಅಂಕಿಯೊಳಗೆ ಇನ್ನೂ ಸೇರಿಕೊಂಡಿರುತ್ತದೆ. ಈಗಿನ ಮ್ಯಾನೇಜರ್ ಎಂದಿನಿಂದ ಇದ್ದಾರೆಂದು ಅದೇ ಪುಟದಲ್ಲಿ ನೋಡಿ, ಆ ದಿನಕ್ಕಿಂತ ಹಿಂದಿನದನ್ನು ಇನ್ನೊಬ್ಬರ ಪ್ರಗತಿಪತ್ರವೆಂದು ತಿಳಿಯಿರಿ.

ಬೆಂಚ್‌ಮಾರ್ಕಿಗಿಂತ ಮೇಲಿದ್ರೆ ಒಳ್ಳೇ ಫಂಡು ಅಂತ ತಾನೆ?

ಬೆಂಚ್‌ಮಾರ್ಕ್, ಎಂದರೆ ಫಂಡನ್ನು ಹೋಲಿಸಿ ನೋಡಲು ಇಟ್ಟುಕೊಂಡ ಸೂಚ್ಯಂಕ, ಯಾವುದೆಂಬುದರ ಮೇಲೆ ಹೋಗುತ್ತದೆ. ಹಿಂದೆ ಫಂಡಿನ ಲಾಭದಲ್ಲಿ ಡಿವಿಡೆಂಡ್ ಸೇರಿಸಿ, ಸೂಚ್ಯಂಕದಲ್ಲಿ ಅದನ್ನು ಬಿಟ್ಟು ಹೋಲಿಸುವ ರೂಢಿಯಿತ್ತು. ಸೂಚ್ಯಂಕಕ್ಕೂ ಡಿವಿಡೆಂಡ್ ಸೇರಿಸಿದ ಟಿಆರ್‌ಐ ಅಂಕಿಯನ್ನೇ ಬಳಸಬೇಕೆಂದು 2018ರ ಫೆಬ್ರವರಿಯಿಂದ ಸೆಬಿ ಕಡ್ಡಾಯ ಮಾಡಿದ ಮೇಲೆ ಆ ಸುಳ್ಳು ಅಂತರ ಹೋಯಿತು. ಏಜೆಂಟರು ಕೈಯಿಂದ ಬರೆದುಕೊಟ್ಟ ಹೋಲಿಕೆಗಳಲ್ಲಿ ಮಾತ್ರ ಇನ್ನೂ ಟಿವಿಯಲ್ಲಿ ಕಾಣುವ ಸಾದಾ ನಿಫ್ಟಿಯೇ ಇರುತ್ತದೆ. (ಮೇಲೆ ನಾನು ಕೊಟ್ಟದ್ದೂ ಸಾದಾ ನಿಫ್ಟಿಯೇ, ಅದಕ್ಕೇ ಅದನ್ನು ಯಾವ ಫಂಡಿನ ಜೊತೆಗೂ ಹೋಲಿಸಲಿಲ್ಲ.)

ಇನ್ನೊಂದು ಬಲೆ ಒಂದೇ ವಲಯದ ಷೇರು ಕೊಳ್ಳುವ ಫಂಡುಗಳದು, ಅದರಲ್ಲಿ ನಾನೇ ಬಿದ್ದಿದ್ದೇನೆ. 2007ರ ಕೊನೆಯಲ್ಲಿ ಮೂಲಸೌಕರ್ಯ ಕ್ಷೇತ್ರದ ಫಂಡೊಂದರ ಒಂದು ವರ್ಷದ ಲಾಭ ನೋಡಿ, ಅದು ಬೆಂಚ್‌ಮಾರ್ಕನ್ನೂ ಮೀರಿದೆಯೆಂದು ಸಮಾಧಾನಪಟ್ಟು, ಪಿಎಫ್‌ನಿಂದ ತೆಗೆದ ಹಣ ಹಾಕಿದೆ. 2008ರಲ್ಲಿ ನಿಫ್ಟಿಯೇ ಅರ್ಧಕ್ಕಿಂತ ಹೆಚ್ಚು ಕುಸಿಯಿತು, ನನ್ನ ಫಂಡ್ ಅದಕ್ಕಿಂತ ಹೆಚ್ಚು ಕುಸಿಯಿತು. ಬೆಂಚ್‌ಮಾರ್ಕ್ ಆಗಿದ್ದದ್ದೂ ಅದೇ ವಲಯದ ಸೂಚ್ಯಂಕವಾದ್ದರಿಂದ, ಬೀಳುವಾಗಲೂ ಫಂಡ್ ಬೆಂಚ್‌ಮಾರ್ಕಿಗೆ ಸರಿಸಮನಾಗಿಯೇ ಇತ್ತು. ಫ್ಯಾಕ್ಟ್‌ಶೀಟಿನ ಪ್ರಕಾರ ಏನೂ ತಪ್ಪಾಗಿರಲಿಲ್ಲ.

## ರಿಸ್ಕಿನ ಬಗ್ಗೆ

ರಿಸ್ಕೋಮೀಟರ್ ಮುಳ್ಳು ಕೆಂಪಲ್ಲಿದೆ. ಹಂಗಾದ್ರೆ ಈ ಫಂಡು ಬೇಡ್ವಾ?

ರಿಸ್ಕೋಮೀಟರಿನಲ್ಲಿ ಆರು ಮಟ್ಟಗಳಿವೆ, ‘ಲೋ’ ಎಂಬುದರಿಂದ ಶುರುವಾಗಿ ಕೊನೆಯದು ‘ವೆರಿ ಹೈ’. ಮುಳ್ಳು ಎಲ್ಲಿರಬೇಕೆಂದು ಫಂಡಿನಲ್ಲಿರುವ ಷೇರು, ಸಾಲಪತ್ರಗಳನ್ನು ನೋಡಿ ಪ್ರತಿ ತಿಂಗಳು ಲೆಕ್ಕ ಹಾಕುತ್ತಾರೆ. ಷೇರುಗಳಲ್ಲಿ ಹೂಡುವ ಫಂಡುಗಳು ಬಹುತೇಕ ಎಲ್ಲವೂ ಆ ಕೊನೆಯ ಮಟ್ಟದಲ್ಲೇ ಇರುತ್ತವೆ. ದೊಡ್ಡ ಕಂಪನಿಗಳ ಫಂಡಿಗೂ ಸಣ್ಣ ಕಂಪನಿಗಳ ಫಂಡಿಗೂ ಮುಳ್ಳು ಒಂದೇ ಕಡೆ ನಿಂತಿರುವಾಗ, ಷೇರು ಫಂಡುಗಳನ್ನು ತಮ್ಮತಮ್ಮಲ್ಲೇ ಹೋಲಿಸಲು ಅದು ನೆರವಾಗದು. ಎಫ್‌ಡಿ ಮುರಿದು ಹಾಕುವ ಹಣವಾದರೆ ಮಾತ್ರ ಆ ಕೆಂಪನ್ನು ಗಂಭೀರವಾಗಿ ನೋಡಿ. ಸಾಲಪತ್ರದ ಫಂಡೊಂದರಲ್ಲಿ ಮುಳ್ಳು ಕಳೆದ ತಿಂಗಳಿಗಿಂತ ಮೇಲೆ ಸರಿದಿದ್ದರೂ ಕಾರಣ ಕೇಳಬೇಕು.

ಸ್ಟ್ಯಾಂಡರ್ಡ್ ಡೀವಿಯೇಷನ್ ಹದಿನೈದು ಅಂದ್ರೆ ಹದಿನೈದು ಪರ್ಸೆಂಟ್ ಮಾತ್ರ ಬೀಳುತ್ತೆ ಅಂತಾನಾ?

ಹಾಗಲ್ಲ. ಫಲ ತನ್ನ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆಂಬ ಅಳತೆ ಅದು. ಸರಾಸರಿ ಲಾಭ ಶೇ 12, ಸ್ಟ್ಯಾಂಡರ್ಡ್ ಡೀವಿಯೇಷನ್ 15 ಎಂದಿದ್ದರೆ, ಮೂರರಲ್ಲಿ ಎರಡು ವರ್ಷಗಳ ಫಲ ಸುಮಾರಾಗಿ ಶೇ 3 ನಷ್ಟದಿಂದ ಶೇ 27 ಲಾಭದ ನಡುವೆ ಇರಬಹುದೆಂದು ಅರ್ಥ. ಉಳಿದ ವರ್ಷಗಳು ಅದರ ಆಚೆಗಿರುತ್ತವೆ, ಮಾರುಕಟ್ಟೆಯ ಕುಸಿತಗಳು ಈ ಸೂತ್ರ ಊಹಿಸುವುದಕ್ಕಿಂತ ಆಳವಾಗಿರುವುದೂ ಉಂಟು.

ಹೆಚ್ಚು ಮುಖ್ಯವಾದ ಮಿತಿ ಬೇರೆಯಿದೆ. ಈ ಅಂಕಿಯನ್ನು ಸಾಮಾನ್ಯವಾಗಿ ಕಳೆದ 36 ತಿಂಗಳ ಫಲಗಳಿಂದ ಲೆಕ್ಕ ಹಾಕುತ್ತಾರೆ. ನಿಫ್ಟಿ 2020ರ ಮಾರ್ಚ್ ಒಂದೇ ತಿಂಗಳಲ್ಲಿ ಶೇ 23ರಷ್ಟು ಬಿದ್ದಿತ್ತು. 2023ರ ಮಾರ್ಚ್ ಕೊನೆಯ ಫ್ಯಾಕ್ಟ್‌ಶೀಟಿನಲ್ಲಿ 36 ತಿಂಗಳ ಎಣಿಕೆ 2020ರ ಏಪ್ರಿಲ್‌ನಿಂದ ಶುರುವಾಗುವುದರಿಂದ ಆ ಕೆಟ್ಟ ತಿಂಗಳು ಲೆಕ್ಕದಿಂದ ಜಾರಿಹೋಯಿತು. ಅದೇ ಕುಸಿತ ಲಾಭದ ಕಡೆ ಅಳತೆಯ ತಳವಾಗಿ ಅಂಕಿಯನ್ನು ಎತ್ತಿತು, ರಿಸ್ಕಿನ ಕಡೆ ಕಾಣೆಯಾಗಿ ಅಂಕಿಯನ್ನು ಇಳಿಸಿತು. ಫಂಡ್ ಒಂದು ಷೇರನ್ನೂ ಬದಲಿಸದೆ, ಲಾಭ ಹೆಚ್ಚು ಮತ್ತು ರಿಸ್ಕ್ ಕಡಿಮೆ ಎಂಬ ಸುಂದರ ಪುಟ ತಯಾರಾಯಿತು. ಈ ಎರಡನ್ನೂ ಬಳಸಿ, ಹೊತ್ತ ರಿಸ್ಕಿಗೆ ತಕ್ಕ ಲಾಭ ಬಂತೇ ಎಂದು ಅಳೆಯುವ ಷಾರ್ಪ್ ರೇಷಿಯೊ ಇನ್ನೂ ಸುಂದರವಾಗಿ ಕಂಡಿರಲೇಬೇಕು.

ನಮ್ಮ ಕಡೆಯವರಿಗೆ ಇದನ್ನು ವಾಣಿವಿಲಾಸ ಸಾಗರ ನೆನಪಿಸಿ ಹೇಳುತ್ತೇನೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಯಾವ 36 ತಿಂಗಳ ನೀರಿನ ಮಟ್ಟ ತೆಗೆದುಕೊಂಡಿದ್ದರೂ, ಕೋಡಿಯ ಕೆಳಗಿನ ಜಮೀನಿಗೆ ಅಪಾಯವೇ ಇಲ್ಲವೆಂದು ತೋರುತ್ತಿತ್ತು.

ಅಪ್ಪಾಜಿ ಎಫ್‌ಡಿ ಬದಲು ಡೆಟ್ ಫಂಡಿಗೆ ಹಾಕ್ತೀನಿ ಅಂತಾರೆ. ಅದರಲ್ಲಿ ವೈಟಿಎಂ ಶೇಕಡಾ ಎಂಟು ಅಂತ ಬರೆದಿದೆ. ಅದು ಬಡ್ಡಿನಾ?

ಅಲ್ಲ. ಫಂಡ್ ಇಂದು ಹಿಡಿದಿರುವ ಸಾಲಪತ್ರಗಳನ್ನೆಲ್ಲ ಅವಧಿ ಮುಗಿಯುವವರೆಗೆ ಇಟ್ಟುಕೊಂಡು, ಯಾರೂ ಕೈಕೊಡದಿದ್ದರೆ ಬರಬಹುದಾದ ವಾರ್ಷಿಕ ಫಲವೇ ವೈಟಿಎಂ. ಲಾಭದ ಪಟ್ಟಿಯಂತಲ್ಲದೆ ಇದು ಖರ್ಚು ಕಳೆಯುವ ಮುಂಚಿನ ಅಂಕಿ. ಶೇ 8ರಲ್ಲಿ ಖರ್ಚು ಶೇ 0.9 ಇದ್ದರೆ ನಿರೀಕ್ಷಿಸಬಹುದಾದದ್ದು ಶೇ 7.1, ಅದೂ ಭರವಸೆಯಲ್ಲ.

ಅದರ ಹತ್ತಿರವೇ ಮಾಡಿಫೈಡ್ ಡ್ಯುರೇಷನ್ ಎಂಬ ಅಂಕಿ ಇರುತ್ತದೆ. ಅದು 6 ಎಂದಿದ್ದರೆ, ಮಾರುಕಟ್ಟೆಯ ಬಡ್ಡಿದರ ಶೇ 1 ಏರಿದಾಗ ಎನ್‌ಎವಿ ಸುಮಾರು ಶೇ 6 ಇಳಿಯುತ್ತದೆ. ಡ್ಯುರೇಷನ್ ಕಡಿಮೆಯಿದ್ದೂ ವೈಟಿಎಂ ಒಂದೇ ಬಗೆಯ ಬೇರೆ ಫಂಡುಗಳಿಗಿಂತ ಒಂದೂವರೆ-ಎರಡು ಅಂಶ ಹೆಚ್ಚಿದ್ದರೆ, ರೇಟಿಂಗ್ ಪಟ್ಟಿಗೆ ಕಣ್ಣು ಹಾಯಿಸಿ. ಅತ್ಯುನ್ನತ ರೇಟಿಂಗ್ ಆದ ‘ಎಎಎ’ಗಿಂತ ಕೆಳಗಿನ ಪತ್ರಗಳು ಅಲ್ಲಿ ಸಿಗುವ ಸಂಭವ ಹೆಚ್ಚು. 2020ರ ಏಪ್ರಿಲ್ 23ರಂದು ದೊಡ್ಡ ಫಂಡ್ ಸಂಸ್ಥೆಯೊಂದು ಅಂಥ ಪತ್ರಗಳು ಹೆಚ್ಚಿದ್ದ ಆರು ಯೋಜನೆಗಳನ್ನು ಒಮ್ಮೆಗೇ ಮುಚ್ಚಿದಾಗ, ಹೂಡಿಕೆದಾರರು ತಮ್ಮ ಹಣ ಕಂತು ಕಂತಾಗಿ ಬರುವವರೆಗೆ ಕಾಯಬೇಕಾಯಿತು. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ಇರುವ ವಿಮೆ ಫಂಡುಗಳಿಗಿಲ್ಲ ಎಂಬುದನ್ನೂ ನಿಮ್ಮ ತಂದೆಯವರಿಗೆ ಹೇಳಿ.

ಇಷ್ಟೆಲ್ಲ ಪ್ರತಿ ತಿಂಗಳು ನೋಡ್ಬೇಕಾ ಸಾರ್? ಅಂಗಡಿ ಬಿಟ್ಟು ಇದೇ ಕೆಲಸ ಆಗುತ್ತೆ.

ಬೇಡ. ಲಾಭದ ಪಟ್ಟಿಯನ್ನಂತೂ ತಿಂಗಳು ತಿಂಗಳು ನೋಡಿದರೆ ಮನಸ್ಸು ಕೆಡುವುದೊಂದೇ ಫಲ. ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳ ಫ್ಯಾಕ್ಟ್‌ಶೀಟ್ ಬಂದಾಗ, ಹಿಂದಿನ ಮಾರ್ಚಿನದನ್ನು ಪಕ್ಕದಲ್ಲಿಟ್ಟುಕೊಂಡು ಬದಲಾದದ್ದನ್ನು ಮಾತ್ರ ಗುರುತು ಹಾಕಿ: ಮ್ಯಾನೇಜರ್ ಹೆಸರು, ನಿಮ್ಮ ಪ್ಲಾನಿನ ಖರ್ಚು, ಬೆಂಚ್‌ಮಾರ್ಕ್, ಮೊದಲ ಹತ್ತು ಷೇರುಗಳು. ಹರಿಹರದ ನನ್ನ ವಿದ್ಯಾರ್ಥಿ ಈಗ ಹಾಗೆಯೇ ಮಾಡುತ್ತಾರೆ. ಎರಡು ಪ್ರಿಂಟುಗಳನ್ನು ದಲ್ಲಾಳಿ ಅಂಗಡಿಯ ಖಾತೆ ಪುಸ್ತಕದೊಳಗೆ ಇಟ್ಟಿದ್ದಾರೆ, ಹಳದಿ ಪೆನ್ನು ಮಾತ್ರ ಈಗ ಅವರ ಕೈಯಲ್ಲೇ ಇದೆ.